52ರಲ್ಲಿ 38 ಕಳೆದರೆ 26: ಟೆಸ್ಟರ್ ಆಗಹೊರಟ ಗಣಿತ ಟೀಚರ್ ಬರೆಯುವ ಪತ್ರ

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ಹಾಕುವ ಶಾಲಾ ಶಿಕ್ಷಕರು ಈಗ ಕಡಿಮೆ ಇಲ್ಲ. ಅವರು ರೆಸ್ಯೂಮೆ ಜೊತೆ ಕಳಿಸುವ ಇಮೇಲ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ‘ಇಷ್ಟು ವರ್ಷಗಳ ಬೋಧನಾ ಅನುಭವವಿದೆ. ತಾಳ್ಮೆ, ಸಂವಹನ ಕೌಶಲ, ಸಮಯಪಾಲನೆ, ತಂಡದಲ್ಲಿ ದುಡಿಯುವ ಗುಣ ಇವೆ. ಈ ಕೌಶಲಗಳು ಟೆಸ್ಟಿಂಗ್‌ಗೂ ಉಪಯುಕ್ತವೆಂದು ನಂಬಿದ್ದೇನೆ. ಒಂದು ಅವಕಾಶ ಕೊಡಿ.’ ಇದರಲ್ಲಿ ಸುಳ್ಳೇನೂ ಇಲ್ಲ. ನಲವತ್ತು ಮಕ್ಕಳ ತರಗತಿಯನ್ನು ವರ್ಷಗಟ್ಟಲೆ ನಡೆಸಿದವರಿಗೆ ತಾಳ್ಮೆ ಇದ್ದೇ ಇರುತ್ತದೆ. ಆದರೆ ಓದುವ ಟೆಸ್ಟ್ ಲೀಡ್‌ಗೆ ಇದನ್ನು ಪರೀಕ್ಷಿಸಿ ನೋಡುವ ದಾರಿಯೇ ಇಲ್ಲ. ಬ್ಯಾಂಕಿನಿಂದ ಬಂದವರೂ ಹೋಟೆಲ್ ನಡೆಸಿದವರೂ ಇದೇ ನಾಲ್ಕು ಗುಣಗಳನ್ನು ಬರೆದಿರುತ್ತಾರೆ. ಮೇಲಾಗಿ, ಆಧಾರವಿಲ್ಲದ ಹೇಳಿಕೆಯನ್ನು ಒಪ್ಪದಿರುವುದೇ ಆ ಮನುಷ್ಯನ ವೃತ್ತಿ.

ಶಿಕ್ಷಕರ ಕೈಯಲ್ಲಿ ಆಧಾರ ಇರುತ್ತದೆ, ಅದು ಸಾಮಾನ್ಯವಾಗಿ ಪತ್ರದೊಳಗೆ ಬರುವುದಿಲ್ಲ ಅಷ್ಟೆ. ಅದು ಎಲ್ಲಿದೆ ಎಂದು ತೋರಿಸಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿರುವ ಟೀಚರ್ ಒಬ್ಬರಿದ್ದಾರೆ ಎಂದುಕೊಳ್ಳಿ. ಶಾಲೆಗಳಿಗೆ ಹಾಜರಿ, ಫೀಸು, ಅಂಕಪಟ್ಟಿಯ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ಕಂಪನಿಯೊಂದಕ್ಕೆ ಜೂನಿಯರ್ ಟೆಸ್ಟರ್ ಬೇಕಾಗಿದ್ದಾರೆ. ಈ ಟೀಚರ್ ಏನು ಬರೆಯಬೇಕು?

ಉತ್ತರ ಅವರ ಜೂನ್ ತಿಂಗಳ ಕೆಲಸದಲ್ಲಿದೆ. ಕರ್ನಾಟಕದ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಗಳ ಕಲಿಕೆ ಎಷ್ಟು ಉಳಿದಿದೆ ಎಂದು ನೈದಾನಿಕ ಪರೀಕ್ಷೆ ಮಾಡಿ, ಕೊರತೆ ಇರುವ ಕಡೆ ಪರಿಹಾರ ಬೋಧನೆ ಕೊಟ್ಟು, ಕೊನೆಗೆ ಸಾಫಲ್ಯ ಪರೀಕ್ಷೆ ತೆಗೆದುಕೊಳ್ಳುವುದು ಅದರ ಕ್ರಮ. ಎಂಟನೇ ತರಗತಿಗೆ ಬಂದ ಹುಡುಗನೊಬ್ಬ 52ರಲ್ಲಿ 38 ಕಳೆದು 26 ಎಂದು ಬರೆದಿದ್ದಾನೆ. ಸರಿಯುತ್ತರ 14. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ ಮುಂದೆ ಹೋಗಬಹುದು. ಒಳ್ಳೆಯ ಟೀಚರ್ ಹಾಗೆ ಹೋಗುವುದಿಲ್ಲ, 26 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡುತ್ತಾರೆ. ಹತ್ತರ ಸ್ಥಾನದಲ್ಲಿ 5ರಿಂದ 3 ಹೋಗಿ 2 ಬಂದಿದೆ. ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗುವುದಿಲ್ಲವಾದ್ದರಿಂದ ಹುಡುಗ ತಿರುಗಿಸಿ 8ರಿಂದ 2 ಕಳೆದು 6 ಬರೆದಿದ್ದಾನೆ. ಅಂದರೆ ಅವನು ಮನಸ್ಸಿಗೆ ಬಂದದ್ದನ್ನು ಬರೆದಿಲ್ಲ. ಯಾವುದೇ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ತಪ್ಪು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ.

ಇದಿನ್ನೂ ಊಹೆ. ಖಚಿತಪಡಿಸಿಕೊಳ್ಳಲು ಟೀಚರ್ ಇನ್ನೆರಡು ಲೆಕ್ಕ ಕೊಡುತ್ತಾರೆ, ಆ ಎರಡನ್ನೂ ಆರಿಸಿಯೇ ಕೊಡುತ್ತಾರೆ. ಮೊದಲನೆಯದು 52ರಲ್ಲಿ 31. ಇಲ್ಲಿ ದಶಕ ತೆಗೆದುಕೊಳ್ಳುವ ಪ್ರಸಂಗವೇ ಇಲ್ಲ, ಊಹೆ ನಿಜವಾದರೆ ಹುಡುಗ 21 ಎಂದು ಸರಿಯಾಗಿಯೇ ಬರೆಯಬೇಕು. ಎರಡನೆಯದು 40ರಲ್ಲಿ 17. ಊಹೆ ನಿಜವಾದರೆ ಉತ್ತರ 23ರ ಬದಲು 37 ಬರಬೇಕು. ಹುಡುಗ 21 ಮತ್ತು 37 ಬರೆದರೆ ತಪ್ಪು ಎಲ್ಲಿದೆ, ಎಲ್ಲಿಲ್ಲ ಎರಡೂ ಗೊತ್ತಾಯಿತು. ಆಮೇಲೆ ದಶಕ ತೆಗೆದುಕೊಳ್ಳುವುದನ್ನು ಕಲಿಸಿ, ಅದೇ ಲೆಕ್ಕಗಳನ್ನು ಮತ್ತೆ ಮಾಡಿಸುತ್ತಾರೆ. ಅನುಭವಿಗಳು ಇಲ್ಲಿ ಇನ್ನೊಂದು ಕೆಲಸ ಮಾಡುತ್ತಾರೆ. ಹೊಸದಾಗಿ ದಶಕ ಕಲಿತ ಮಗು ಬೇಡದ ಕಡೆಯೂ ದಶಕ ತೆಗೆದುಕೊಳ್ಳಲು ಶುರುಮಾಡಬಹುದು. ಆದ್ದರಿಂದ ಮೊದಲು ಸರಿಯಾಗಿ ಬರುತ್ತಿದ್ದ 52–31ನ್ನೂ ಇನ್ನೊಮ್ಮೆ ಮಾಡಿಸಿ ನೋಡುತ್ತಾರೆ.

ಟೆಸ್ಟಿಂಗ್ ಗೊತ್ತಿರುವವರಿಗೆ ಈ ಕಥೆಯ ಪ್ರತಿ ಹೆಜ್ಜೆಯೂ ಪರಿಚಿತ. ತಪ್ಪು ಕಂಡ ಕೂಡಲೇ ನಿಲ್ಲದೆ ಅದು ಯಾವ ಸಂದರ್ಭದಲ್ಲಿ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಬೇರ್ಪಡಿಸುವುದು ಬಗ್ ಹುಡುಕಾಟದ ತಿರುಳು. ಸರಿಪಡಿಸಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡುವುದಕ್ಕೆ ರೀಟೆಸ್ಟಿಂಗ್ ಎನ್ನುತ್ತಾರೆ. ಹೊಸ ತಿದ್ದುಪಡಿಯಿಂದ ಹಳೆಯದು ಕೆಟ್ಟಿಲ್ಲವೇ ಎಂದು ನೋಡುವುದು ರಿಗ್ರೆಷನ್ ಟೆಸ್ಟಿಂಗ್. ಈ ಹೋಲಿಕೆಯನ್ನು ನಾನು ಎಳೆದು ತಂದದ್ದಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಪ್ರೋಗ್ರಾಮಿನ ಬಗ್‌ಗಳಂತೆಯೇ ವಿಶ್ಲೇಷಿಸಿ ‘ಕಾಗ್ನಿಟಿವ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಇಂಥ ತಪ್ಪು ನಿಯಮ ಪಾಲಿಸುವ ವಿದ್ಯಾರ್ಥಿಯಂತೆ ನಟಿಸುವ BUGGY ಎಂಬ ಕಂಪ್ಯೂಟರ್ ಆಟವನ್ನೂ ಅವರು ಸಿದ್ಧಪಡಿಸಿದ್ದರು. ಶಿಕ್ಷಕ ತರಬೇತಿಯಲ್ಲಿದ್ದವರು ಅದಕ್ಕೆ ಲೆಕ್ಕ ಕೊಟ್ಟು, ಉತ್ತರಗಳನ್ನು ನೋಡಿ, ಒಳಗಿರುವ ತಪ್ಪು ನಿಯಮ ಯಾವುದೆಂದು ಪತ್ತೆ ಮಾಡಬೇಕಿತ್ತು.

ಹಾಗಾದರೆ ಪತ್ರದ ನಡುಭಾಗಕ್ಕೆ ವಸ್ತು ಸಿಕ್ಕಿತು. ಟೀಚರ್ ಬರೆಯಬಹುದಾದ ಇಮೇಲ್ ಇದು. ನಿಜವಾದ ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ, ಓದುಗರಿಗಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ವಿಷಯ: ಜೂನಿಯರ್ ಟೆಸ್ಟರ್ ಹುದ್ದೆಗೆ ಅರ್ಜಿ – ಗಣಿತ ಶಿಕ್ಷಕಿ – ಮಾದರಿ ಬಗ್ ರಿಪೋರ್ಟ್ ಲಗತ್ತಿಸಿದೆ

ಮಾನ್ಯರೇ,

ನಿಮ್ಮಲ್ಲಿ ಖಾಲಿ ಇರುವ ಜೂನಿಯರ್ ಟೆಸ್ಟರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ದಾವಣಗೆರೆಯ ಪ್ರೌಢಶಾಲೆಯಲ್ಲಿ ಒಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿಲ್ಲ.

ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಯ ಮಕ್ಕಳ ಲೆಕ್ಕದ ತಪ್ಪುಗಳನ್ನು ಪತ್ತೆ ಮಾಡುವುದು ನನ್ನ ಕೆಲಸ. 52ರಲ್ಲಿ 38 ಕಳೆದು 26 ಬರೆದ ವಿದ್ಯಾರ್ಥಿಗೆ ನಾನು ಕೊಡುವ ಮುಂದಿನ ಲೆಕ್ಕಗಳು 52–31 ಮತ್ತು 40–17. ಮೊದಲನೆಯದು ಸರಿಯಾಗಿ, ಎರಡನೆಯದು 37 ಎಂದು ಬಂದರೆ ತಪ್ಪು ದಶಕ ತೆಗೆದುಕೊಳ್ಳುವ ಹಂತದಲ್ಲಿ ಮಾತ್ರ ಇದೆ ಎಂದು ತಿಳಿಯುತ್ತದೆ. ಕಲಿಸಿದ ಮೇಲೆ ಮೂರನ್ನೂ ಮತ್ತೆ ಮಾಡಿಸಿ, ಸರಿ ಇದ್ದದ್ದು ಕೆಟ್ಟಿಲ್ಲವೆಂದು ನೋಡಿಕೊಳ್ಳುತ್ತೇನೆ.

ನಿಮ್ಮದು ಶಾಲೆಗಳ ಸಾಫ್ಟ್‌ವೇರ್ ಆದ್ದರಿಂದ ಅಂಕ ನಮೂದಿಸುವ ಪುಟಕ್ಕೆ ಕೆಲವು ಟೆಸ್ಟ್ ಕೇಸ್ ಬರೆದು ಲಗತ್ತಿಸಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಲಿಖಿತ 100, ಆಂತರಿಕ 25 ಅಂಕ, ಉಳಿದ ವಿಷಯಗಳಿಗೆ 80 ಮತ್ತು 20. ಮಿತಿ ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆಯೇ ಎಂಬುದನ್ನು ಅವು ಪರೀಕ್ಷಿಸುತ್ತವೆ. ಎಕ್ಸೆಲ್ ಅಂಕಪಟ್ಟಿಯೊಂದರಲ್ಲಿ ಕಂಡ ದೋಷದ ಬಗ್ ರಿಪೋರ್ಟ್ ಕೂಡ ಇದೆ. ಅದರಲ್ಲಿರುವ ಹೆಸರು, ಅಂಕಗಳು ನಿಜವಾದ ಮಕ್ಕಳದ್ದಲ್ಲ.

ಎಸ್‌ಕ್ಯೂಎಲ್‌ನಲ್ಲಿ ಒಂದು ಟೇಬಲ್‌ನಿಂದ ಬೇಕಾದ ಮಾಹಿತಿ ತೆಗೆಯಬಲ್ಲೆ, ಎರಡು ಟೇಬಲ್ ಜೋಡಿಸುವುದನ್ನು ಈಗ ಕಲಿಯುತ್ತಿದ್ದೇನೆ. ಆಟೊಮೇಷನ್ ಇನ್ನೂ ಕಲಿತಿಲ್ಲ. ವಾರ್ಷಿಕ ಪರೀಕ್ಷೆಯ ಮೌಲ್ಯಮಾಪನ ಮುಗಿಸಿ ಮೇ 1ರಿಂದ ಕೆಲಸಕ್ಕೆ ಸೇರಬಹುದು.

ವಂದನೆಗಳೊಂದಿಗೆ,

ಪತ್ರ ಇಷ್ಟೇ. ಇದರಲ್ಲಿ ತಾಳ್ಮೆ ಎಂಬ ಪದ ಇಲ್ಲ, ಓದಿದವರಿಗೆ ತಾಳ್ಮೆ ಕಾಣುತ್ತದೆ. ಎರಡನೇ ಪ್ಯಾರಾದಲ್ಲಿ ಟೆಸ್ಟಿಂಗ್‌ನ ಒಂದು ಪಾರಿಭಾಷಿಕ ಪದವೂ ಇಲ್ಲ ಎಂಬುದನ್ನು ಗಮನಿಸಿ. ‘ನಾನು ರಿಗ್ರೆಷನ್ ಟೆಸ್ಟಿಂಗ್ ಮಾಡುತ್ತಿದ್ದೆ’ ಎಂದು ಬರೆಯುವ ಆಸೆ ಆಗಬಹುದು. ನನಗೆ ಅದು ಸರಿ ಕಾಣುವುದಿಲ್ಲ. ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಕಂಪನಿಯ ಹೆಸರು ಅಂಟಿಸಿದರೆ, ಸಂದರ್ಶನದಲ್ಲಿ ‘ಯಾವ ಪ್ರಾಜೆಕ್ಟ್‌ನಲ್ಲಿ’ ಎಂಬ ಮೊದಲ ಪ್ರಶ್ನೆಗೇ ಮುಜುಗರವಾಗುತ್ತದೆ. ಕೆಲಸವನ್ನು ಇದ್ದಂತೆ ಹೇಳಿದರೆ ಹೆಸರನ್ನು ಓದುವವರೇ ಕೊಟ್ಟುಕೊಳ್ಳುತ್ತಾರೆ.

ಮೂರನೇ ಪ್ಯಾರಾ ಈ ಟೀಚರ್‌ಗೆ ಮಾತ್ರ ಸಾಧ್ಯವಾಗುವಂಥದ್ದು. ಅಂಕದ ಪೆಟ್ಟಿಗೆಗೆ ಮಿತಿ 80 ಇದ್ದರೆ 79, 80, 81 ಮೂರನ್ನೂ ಹಾಕಿ ನೋಡಬೇಕು, ಕೆಳತುದಿಯಲ್ಲಿ ಸೊನ್ನೆಯನ್ನೂ ಮೈನಸ್ ಒಂದನ್ನೂ ನೋಡಬೇಕು. ತಪ್ಪುಗಳು ಮಿತಿಯ ಅಂಚಿನಲ್ಲೇ ಹೆಚ್ಚು, ಏಕೆಂದರೆ ‘80ಕ್ಕಿಂತ ಕಡಿಮೆ’ ಎಂದು ಬರೆಯುವುದಕ್ಕೂ ‘80 ಅಥವಾ ಕಡಿಮೆ’ ಎಂದು ಬರೆಯುವುದಕ್ಕೂ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆಯ ವ್ಯತ್ಯಾಸ. ಇದಕ್ಕೆ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಎಂದು ಹೆಸರು, ಯಾವ ಕೋರ್ಸ್‌ನಲ್ಲಾದರೂ ಕಲಿಸುತ್ತಾರೆ. ಕೋರ್ಸ್ ಕಲಿಸದ್ದು ಪ್ರಥಮ ಭಾಷೆಯ 100 ಮತ್ತು 25. ಒಟ್ಟು ಅಂಕ 600 ಆಗದೆ 625 ಆಗುವುದು ಅದರಿಂದಲೇ ಎಂಬುದು ಹತ್ತನೇ ತರಗತಿಯ ಟೀಚರ್‌ಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಬೇರೆ ರಾಜ್ಯದಲ್ಲಿ ಓದಿ ಬಂದ ಡೆವಲಪರ್ ಎಲ್ಲ ವಿಷಯಗಳಿಗೂ 80ರ ಮಿತಿ ಹಾಕಿಬಿಡಬಹುದು. ಆಗ ಕನ್ನಡದಲ್ಲಿ 93 ತೆಗೆದ ಹುಡುಗಿಯ ಅಂಕ ನಮೂದಿಸಲು ಹೋದಾಗ ಪುಟ ಒಪ್ಪುವುದಿಲ್ಲ. ಹಾಗಾಗಿ ಶಾಲೆ ಬಿಟ್ಟು ಟೆಸ್ಟಿಂಗ್‌ಗೆ ಹೋಗುವವರು ಮೊದಲ ಅರ್ಜಿಗಳನ್ನು ಶಾಲೆ, ಪರೀಕ್ಷೆ, ಕಲಿಕೆಗೆ ಸಂಬಂಧಿಸಿದ ಸಾಫ್ಟ್‌ವೇರ್ ಮಾಡುವ ಕಂಪನಿಗಳಿಗೇ ಕಳಿಸುವುದು ಒಳ್ಳೆಯದು. ಅಲ್ಲಿ ಒಂಬತ್ತು ವರ್ಷದ ಅನುಭವ ನೇರವಾಗಿ ಬಳಕೆಗೆ ಬರುತ್ತದೆ. ಷೇರು ವಹಿವಾಟಿನ ಆ್ಯಪ್ ಮಾಡುವವರಿಗೆ ಅದೇ ಪತ್ರ ಕಳಿಸಿದರೆ ಈ ಪ್ಯಾರಾ ಸತ್ತುಹೋಗುತ್ತದೆ.

ಲಗತ್ತಿಸಿದ ಬಗ್ ರಿಪೋರ್ಟ್ ಪತ್ರಕ್ಕಿಂತ ಹೆಚ್ಚು ತೂಕದ್ದು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ಐದು ಮಕ್ಕಳ ಅಂಕ ಇರುವ ಎಕ್ಸೆಲ್ ಹಾಳೆ. ನಾಲ್ವರಿಗೆ 40, 50, 60, 50. ಐದನೆಯವರು ಪರೀಕ್ಷೆಗೆ ಬಂದಿಲ್ಲ, ಆ ಮನೆಯಲ್ಲಿ AB ಎಂದಿದೆ. ಸರಾಸರಿಯ ಮನೆಯಲ್ಲಿ ಈ ಸೂತ್ರ ಇದೆ:

```
=SUM(B2:B6)/5
```

ಮೊತ್ತ 200, ಐದರಿಂದ ಭಾಗಿಸಿ 40 ತೋರಿಸುತ್ತದೆ. ಬರೆದವರು ನಾಲ್ವರೇ ಆದ್ದರಿಂದ ಬರಬೇಕಾದದ್ದು 50. ರಿಪೋರ್ಟ್‌ನ ಶೀರ್ಷಿಕೆ ‘ಸರಾಸರಿ ತಪ್ಪಾಗಿದೆ’ ಎಂದಿರಬಾರದು, ‘ಗೈರುಹಾಜರಾದ ವಿದ್ಯಾರ್ಥಿ ಇದ್ದಾಗ ತರಗತಿ ಸರಾಸರಿ ಕಡಿಮೆ ತೋರಿಸುತ್ತದೆ’ ಎಂದಿರಬೇಕು. ಅದರ ಕೆಳಗೆ ಯಾವ ಮನೆಯಲ್ಲಿ ಏನು ಟೈಪ್ ಮಾಡಬೇಕು ಎಂಬ ಹೆಜ್ಜೆಗಳು, ಬರಬೇಕಾದ ಫಲಿತಾಂಶ, ಬಂದ ಫಲಿತಾಂಶ, ಎಕ್ಸೆಲ್‌ನ ಯಾವ ಆವೃತ್ತಿ ಎಂಬ ವಿವರ. ಓದಿದವರು ತಮ್ಮ ಕಂಪ್ಯೂಟರ್‌ನಲ್ಲಿ ಅದೇ ಹೆಜ್ಜೆ ಹಾಕಿದರೆ ಅದೇ 40 ಕಾಣಬೇಕು. ಕಾಣದಿದ್ದರೆ ರಿಪೋರ್ಟ್ ವಾಪಸ್ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. 50 ಎಂದು ಹೇಳಿದವರು ಯಾರು? ಗೈರುಹಾಜರಾದವರನ್ನು ಸೊನ್ನೆ ಎಂದು ಲೆಕ್ಕ ಹಿಡಿಯುವ ಶಾಲೆ ಇದ್ದರೆ 40 ಸರಿಯೇ. ಟೀಚರ್‌ಗೆ ಇದು ಹೊಸದಲ್ಲ. ಮೌಲ್ಯಮಾಪನಕ್ಕೆ ಕೂರುವ ಮೊದಲು ಉತ್ತರಸೂಚಿ ಕೈಗೆ ಬರುತ್ತದೆ, ಅದರಲ್ಲಿಲ್ಲದ ಉತ್ತರ ಕಂಡರೆ ಮುಖ್ಯ ಪರೀಕ್ಷಕರನ್ನು ಕೇಳುತ್ತಾರೆ, ತಾವೇ ತೀರ್ಮಾನ ಕೊಡುವುದಿಲ್ಲ. ರಿಪೋರ್ಟ್‌ನಲ್ಲೂ ‘ಗೈರುಹಾಜರಾದವರನ್ನು ಸರಾಸರಿಗೆ ಸೇರಿಸುವುದಿಲ್ಲ ಎಂಬ ಶಾಲೆಯ ನಿಯಮದ ಪ್ರಕಾರ’ ಎಂಬ ಒಂದು ಸಾಲು ಇರಬೇಕು. ಬರಬೇಕಾದ ಫಲಿತಾಂಶಕ್ಕೆ ಮೂಲ ಹೇಳುವ ಈ ಅಭ್ಯಾಸ ಹೊಸ ಟೆಸ್ಟರ್‌ಗಳಲ್ಲಿ ಅಪರೂಪ. ಅದನ್ನು ಕಂಡರೆ ಟೆಸ್ಟ್ ಲೀಡ್ ಆ ಅರ್ಜಿಯನ್ನು ಪಕ್ಕಕ್ಕೆ ತೆಗೆದಿಡುತ್ತಾರೆ.

ಲಗತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಶಾಲೆಯ ನಿಜವಾದ ಅಂಕಪಟ್ಟಿ, ಹಾಜರಿ ಪುಸ್ತಕ, ಮಕ್ಕಳ ಹೆಸರು ಯಾವುದನ್ನೂ ಕಳಿಸಬಾರದು. ಅದು ಮಕ್ಕಳ ಖಾಸಗಿ ಮಾಹಿತಿ, ಟೀಚರ್‌ಗೆ ಅದರ ಮೇಲಿರುವ ಹಕ್ಕು ಶಾಲೆಯ ಕೆಲಸಕ್ಕೆ ಮಾತ್ರ. ಶಿಕ್ಷಕರು ದಿನವೂ ಬಳಸುವ ಸರ್ಕಾರಿ ಪೋರ್ಟಲ್‌ಗಳಲ್ಲಿ ತಪ್ಪು ಹುಡುಕಿ ಅದರ ಸ್ಕ್ರೀನ್‌ಶಾಟ್ ಅಂಟಿಸುವುದೂ ಬೇಡ. ಅನುಮತಿಯಿಲ್ಲದೆ ಬೇರೆಯವರ ವ್ಯವಸ್ಥೆಯನ್ನು ಪರೀಕ್ಷಿಸಿದವರು, ನಾಳೆ ತಮ್ಮ ಗ್ರಾಹಕರ ಮಾಹಿತಿಯನ್ನೂ ಹೀಗೇ ಹೊರಗೆ ತೋರಿಸಬಹುದು ಎಂದು ಕಂಪನಿ ಯೋಚಿಸುತ್ತದೆ. ಕಲ್ಪಿತ ಹೆಸರುಗಳ ಎಕ್ಸೆಲ್ ಹಾಳೆ ಸಾಕು, ಅಭ್ಯಾಸಕ್ಕೆಂದೇ ಇರುವ ಡೆಮೊ ವೆಬ್‌ಸೈಟ್‌ಗಳೂ ಇವೆ.

ಶಾಲೆಯ ಅಭ್ಯಾಸಗಳೆಲ್ಲವೂ ಟೆಸ್ಟಿಂಗ್‌ಗೆ ಒದಗುವುದಿಲ್ಲ. ಕೆಲವು ಅಡ್ಡ ಬರುತ್ತವೆ, ಅವು ಮಾದರಿ ರಿಪೋರ್ಟ್‌ನಲ್ಲೇ ಕಾಣಿಸಿಕೊಳ್ಳುತ್ತವೆ. ಉತ್ತರಪತ್ರಿಕೆ ನೋಡುವ ಟೀಚರ್ ಮಗು ಏನು ಹೇಳಹೊರಟಿದೆ ಎಂದು ಓದಿಕೊಂಡು ಅರ್ಧ ಅಂಕವನ್ನಾದರೂ ಕೊಡುತ್ತಾರೆ. ತರಗತಿಯಲ್ಲಿ ಅದು ನ್ಯಾಯ. ಟೆಸ್ಟಿಂಗ್‌ನಲ್ಲಿ ಅದೇ ಕಣ್ಣು ತಪ್ಪನ್ನು ಮುಚ್ಚುತ್ತದೆ. ಬಟನ್ ಮೇಲೆ ‘ಉಳಿಸಿ’ ಎಂದಿದ್ದು ಒತ್ತಿದಾಗ ಪುಟ ಮುಚ್ಚಿಹೋದರೆ, ಬಹುಶಃ ಉಳಿದಿರಬೇಕು ಎಂದುಕೊಂಡು ಮುಂದೆ ಹೋಗುವಂತಿಲ್ಲ, ಮತ್ತೆ ತೆರೆದು ನೋಡಬೇಕು. ಇನ್ನೊಂದು, ತಿದ್ದುವ ಅಭ್ಯಾಸ. ಎಕ್ಸೆಲ್ ಸೂತ್ರ ತಪ್ಪಿದೆ ಎಂದು ಕಂಡ ಟೀಚರ್ ಅಲ್ಲೇ ಸರಿಪಡಿಸಿಬಿಡುತ್ತಾರೆ, ಸ್ಟಾಫ್‌ರೂಮಿನಲ್ಲಿ ಅದು ಉಪಕಾರ. ಟೆಸ್ಟರ್ ಮೊದಲು ದಾಖಲಿಸಬೇಕು, ತಿದ್ದುವುದು ಡೆವಲಪರ್ ಕೆಲಸ. ರಿಪೋರ್ಟ್‌ನ ಧಾಟಿಯೂ ನೋಡಿಕೊಳ್ಳಬೇಕಾದದ್ದೇ. ‘ಇಷ್ಟು ಸರಳವಾದದ್ದನ್ನು ಗಮನಿಸಿಲ್ಲ’ ಎಂಬಂಥ ವಾಕ್ಯ ಕೆಂಪು ಶಾಯಿಯ ಕೈಯಿಂದ ತಾನಾಗಿ ಬರುತ್ತದೆ. ಡೆವಲಪರ್ ವಿದ್ಯಾರ್ಥಿಯಲ್ಲ. ಏನಾಯಿತು ಎಂಬುದಷ್ಟೇ ಅಲ್ಲಿರಬೇಕು.

ಪತ್ರದ ನಾಲ್ಕನೇ ಪ್ಯಾರಾ, ಗೊತ್ತಿಲ್ಲದ್ದನ್ನು ಹೇಳುವ ಪ್ಯಾರಾ, ಅನೇಕರಿಗೆ ಭಯ ಹುಟ್ಟಿಸುತ್ತದೆ. ‘ಆಟೊಮೇಷನ್ ಕಲಿತಿಲ್ಲ’ ಎಂದು ನಾವೇ ಏಕೆ ಬರೆಯಬೇಕು ಎಂದು ಕೇಳುತ್ತಾರೆ. ರೆಸ್ಯೂಮೆ ನೋಡಿದರೆ ಅದು ಗೊತ್ತಾಗಿಯೇ ಆಗುತ್ತದೆ. ನಾವೇ ಹೇಳಿದಾಗ, ಎಲ್ಲಿಯವರೆಗೆ ಗೊತ್ತು ಎಂಬ ಗೆರೆಯನ್ನೂ ನಾವೇ ಎಳೆಯಬಹುದು. ಒಂದು ಟೇಬಲ್‌ವರೆಗೆ ಬರುತ್ತದೆ, ಎರಡು ಜೋಡಿಸುವುದನ್ನು ಕಲಿಯುತ್ತಿದ್ದೇನೆ ಎಂಬುದು ‘ಎಸ್‌ಕ್ಯೂಎಲ್‌ನ ಮೂಲಭೂತ ಜ್ಞಾನವಿದೆ’ ಎಂಬುದಕ್ಕಿಂತ ನಂಬಿಕೆಗೆ ಅರ್ಹ. ಐಎಸ್‌ಟಿಕ್ಯೂಬಿ ಫೌಂಡೇಷನ್ ಪ್ರಮಾಣಪತ್ರ ಇದ್ದರೆ ಒಂದು ಸಾಲು ಸೇರಿಸಬಹುದು. ಅದು 40 ಪ್ರಶ್ನೆಗಳ, ಒಂದು ಗಂಟೆಯ ಬಹುಆಯ್ಕೆ ಪರೀಕ್ಷೆ, 26 ಉತ್ತರ ಸರಿಯಾದರೆ ಪಾಸು. ಈ ಕ್ಷೇತ್ರದ ಪರಿಭಾಷೆ ಮತ್ತು ವಿಧಾನಗಳ ಪರಿಚಯ ಅದರಿಂದ ಆಗುತ್ತದೆ. ಆದರೆ ಒಳ್ಳೆಯ ಬಗ್ ರಿಪೋರ್ಟ್ ಬರೆಯಲು ಬರುತ್ತದೆಯೇ ಎಂದು ಅದು ಹೇಳುವುದಿಲ್ಲ. ಎರಡರಲ್ಲಿ ಒಂದಕ್ಕೇ ಸಮಯವಿದೆ ಎಂದಾದರೆ ನಾನು ಹೇಳುವುದು ರಿಪೋರ್ಟ್ ಬರೆಯಿರಿ ಎಂದೇ.

ಸೇರುವ ದಿನಾಂಕವನ್ನೂ ಮರೆಯಬಾರದು. ವರ್ಷದ ನಡುವೆ ಹತ್ತನೇ ತರಗತಿಯನ್ನು ಬಿಟ್ಟು ಬರುವುದು ಕಷ್ಟ ಎಂಬುದು ಕಂಪನಿಗೆ ಹೊಳೆದಿರುವುದಿಲ್ಲ. ಮೇ 1 ಎಂದು ಮೊದಲೇ ಹೇಳಿದರೆ ಎರಡು ಸುತ್ತು ಸಂದರ್ಶನವಾದ ಮೇಲೆ ಹದಿನೈದು ದಿನದಲ್ಲಿ ಬನ್ನಿ ಎಂದು ಹೇಳಿಸಿಕೊಳ್ಳುವ ಸಂಕಟ ತಪ್ಪುತ್ತದೆ.

ಸಂದರ್ಶನಕ್ಕೆ ಕರೆ ಬಂದರೆ ಪ್ರಶ್ನೆಗಳು ಬಹುತೇಕ ಲಗತ್ತುಗಳಿಂದಲೇ ಬರುತ್ತವೆ. ಎಕ್ಸೆಲ್ ಹಾಳೆಯನ್ನೇ ಮುಂದಿಟ್ಟು, ಇದನ್ನು ಹೇಗೆ ಸರಿಪಡಿಸಬಹುದು ಎಂದು ಕೇಳಿದರು ಎನ್ನಿ. ಟೀಚರ್ ಈ ಸೂತ್ರ ಹೇಳಬಹುದು:

```
=AVERAGE(B2:B6)
```

ಇದು ಸಂಖ್ಯೆ ಇರುವ ಮನೆಗಳನ್ನು ಮಾತ್ರ ಎಣಿಸುತ್ತದೆ, AB ಇರುವ ಮನೆಯನ್ನು ಬಿಡುತ್ತದೆ. 50 ಬರುತ್ತದೆ. ಮುಂದಿನ ಪ್ರಶ್ನೆ, ಯಾರಾದರೂ AB ಬದಲು ಸೊನ್ನೆ ಟೈಪ್ ಮಾಡಿದರೆ? ಸೊನ್ನೆ ಒಂದು ಸಂಖ್ಯೆ, ಅದು ಎಣಿಕೆಗೆ ಬರುತ್ತದೆ, ಸರಾಸರಿ ಮತ್ತೆ 40 ಆಗುತ್ತದೆ. ಪರೀಕ್ಷೆಗೆ ಬಾರದ ಮಗುವಿಗೂ ಬಂದು ಸೊನ್ನೆ ತೆಗೆದ ಮಗುವಿಗೂ ಆ ಹಾಳೆಯಲ್ಲಿ ಆಗ ವ್ಯತ್ಯಾಸವೇ ಉಳಿಯುವುದಿಲ್ಲ. ಐವರೂ ಗೈರುಹಾಜರಾಗಿದ್ದರೆ? ಈ ಸೂತ್ರ `#DIV/0!` ಎಂದು ತೋರಿಸುತ್ತದೆ, ಹಳೆಯ ಸೂತ್ರವಾದರೆ ಸುಮ್ಮನೆ ಸೊನ್ನೆ ತೋರಿಸುತ್ತಿತ್ತು. ಇವನ್ನೆಲ್ಲ ಮನೆಯಲ್ಲೇ ಟೈಪ್ ಮಾಡಿ ನೋಡಿಕೊಂಡು ಹೋಗಬೇಕು. ಅಂಥ ದಿನ ಆ ಮನೆಯಲ್ಲಿ ಏನು ಕಾಣಬೇಕು ಎಂದು ಶಾಲೆಯಲ್ಲಿ ಯಾರನ್ನು ಕೇಳಬೇಕೆಂಬುದು ಟೀಚರ್‌ಗೆ ಗೊತ್ತಿರುತ್ತದೆ, ಅದನ್ನೂ ಹೇಳಬೇಕು.